ರೈತನಿಗೊಂದು ಕ್ವೆರಿ

ಆ ಟೆಂಡರಿನ ದಿನ ನೆಟ್‌ವರ್ಕ್ ಕೈಕೊಟ್ಟಿತು ಎಂದು ಶಿರಸಿಯ ನಮ್ಮ ಆಫೀಸಿನಲ್ಲಿ ಇಂದಿಗೂ ಹೇಳುತ್ತಾರೆ. ಯಾವ ನೆಟ್‌ವರ್ಕ್? ನಾವು ಸಾಫ್ಟ್‌ವೇರ್ ಬರೆದುಕೊಟ್ಟ ಅಡಿಕೆ ಸಂಘದಲ್ಲಿ ಸರ್ವರ್ ಇದ್ದದ್ದು ಕೌಂಟರಿನ ಹಿಂದಿನ ಕೋಣೆಯಲ್ಲಿ. ನಡುವೆ ಒಂದು ಕೇಬಲ್ಲು, ಅಷ್ಟೇ.

ಸಂಘದವರು ಹಿಡಿದ ಇನ್ನೊಂದು ಕಾರಣ ಇನ್ನೂ ಅನುಕೂಲದ್ದು: ಕೌಂಟರಿನ ಹುಡುಗಿ ಪಟ್ಟಿ ತೆರೆಯುವ ಬಟನ್ನನ್ನು ಸುಮ್ಮನೆ ಒತ್ತುತ್ತಲೇ ಇದ್ದಳಂತೆ. ವ್ಯಾಪಾರಿಗಳು ಅಡಿಕೆ ನೋಡಿ, ದರ ಬರೆದು ಕಾಯುತ್ತಿದ್ದರು. ಲಾಟುಗಳ, ಅಂದರೆ ರೈತರು ಮಾರಲು ತಂದಿಟ್ಟ ಅಡಿಕೆ ರಾಶಿಗಳ, ಪಟ್ಟಿ ಪರದೆಗೆ ಬರಲೇ ಇಲ್ಲ. ಟೆಂಡರ್ ಮುಂದಕ್ಕೆ ಹೋಯಿತು. ಅವಳನ್ನು ಗೋದಾಮಿಗೆ, ಚೀಲಗಳಿಗೆ ಚೀಟಿ ಕಟ್ಟಲು ಕಳಿಸಿದರು. ಗುತ್ತಿಗೆ ಕೆಲಸ. ಅದೂ ಉಳಿಯುವುದು ಅನುಮಾನ.

"ನಾ ಒಂದ ಸಲ ಒತ್ತೀನ್ರಿ ಸರ್," ಎಂದಳು ಬನವಾಸಿ ಕಡೆಯ ಆ ಹುಡುಗಿ. "ನಿಮ್ಮ ಮಷೀನಿಗೇ ಕೇಳ್ರಿ, ಅದಾದ್ರೂ ಖರೇ ಹೇಳೀತು."

ಕೇಳಿದೆ. ನಡೆದದ್ದನ್ನೆಲ್ಲ ಬರೆದಿಡುವ ಸರ್ವರಿನ ಲಾಗ್ ತೆರೆದೆ. ಅವಳು ಒತ್ತಿದ್ದು ಒಂದೇ ಸಲ. ಅದಕ್ಕೆ ಲಾಟುಗಳನ್ನೆಲ್ಲ ತರಲು ಡೇಟಾಬೇಸಿಗೆ ಒಂದು ಕ್ವೆರಿ, ಅಂದರೆ ಒಂದು ಪ್ರಶ್ನೆ. ಅದರ ಬೆನ್ನಿಗೇ, ಲಾಟಿನ ರೈತ ಯಾರೆಂದು ಕೇಳಲು ಒಬ್ಬೊಬ್ಬ ರೈತನಿಗೂ ಒಂದೊಂದು ಕ್ವೆರಿ. ಅವೆಲ್ಲ ಮುಗಿಯುವ ತನಕ ಪಟ್ಟಿ ಬರುವಂತಿರಲಿಲ್ಲ.

ಕೋಡ್ ಬರೆದವರು ನಮ್ಮ ಸೀನಿಯರ್, ಸಿದ್ದಾಪುರದವರು. ಮೊದಲು ಅದರಲ್ಲಿ ರೈತನ ವಿವರ 'ಲೇಜಿ' ಆಗಿತ್ತು, ಅಂದರೆ ಮುಟ್ಟಿದಾಗಷ್ಟೇ ಡೇಟಾಬೇಸಿನಿಂದ ಬರುವುದು. ಪುಟ ಅದನ್ನು ಮುಟ್ಟುವ ಹೊತ್ತಿಗೆ ಡೇಟಾಬೇಸಿನ ಜೊತೆಗಿನ ಸೆಷನ್ ಮುಚ್ಚಿರುತ್ತಿತ್ತು, ಲೇಜಿ ಇನಿಶಿಯಲೈಸೇಶನ್ ಎಕ್ಸೆಪ್ಶನ್ ಎಂಬ ದೋಷ ಬೀಳುತ್ತಿತ್ತು. ಅವರು 'ಈಗರ್' ಎಂದು ತಿದ್ದಿ ಅದರ ಬಾಯಿ ಮುಚ್ಚಿಸಿದರು. ಈಗರ್ ಎಂದರೆ ತಪ್ಪದೆ ತರುವುದು; ಒಟ್ಟಿಗೇ ತರುವುದು ಎಂದೇನೂ ಅಲ್ಲ. ಬರೆದ ಕ್ವೆರಿಯಲ್ಲಿ ರೈತನ ಸುದ್ದಿಯೇ ಇಲ್ಲದ್ದರಿಂದ ಡೇಟಾಬೇಸಿನಿಂದ ತಂದುಕೊಡುವ ಜೆಪಿಎ ಎಂಬ ಸಾಫ್ಟ್‌ವೇರ್ ಒಬ್ಬೊಬ್ಬನನ್ನೇ ಹೋಗಿ ಕರೆತರುತ್ತಿತ್ತು.

"ನಾ ಟೆಸ್ಟ್ ಮಾಡಿದ್ದಿ ಮಾರಾಯಾ, ಒತ್ತಿದ ಕೂಡ್ಲೆ ಬಂತು," ಎಂದರು ಸೀನಿಯರ್, ನಾನು ಕೇಳಿದಾಗ.

"ಯಾರ ಲಾಟು ಹಾಕಿ?"

"ನಮ್ಮನೇದೇ. ರಾಶಿ, ಚಾಲಿ, ಎಲ್ಲ ನಮೂನೆ ಅಡಕೆನೂ ಹಾಕಿದ್ದಿ."

ಎಲ್ಲ ಲಾಟಿಗೂ ರೈತ ಒಬ್ಬನೇ: ಅವರಪ್ಪ. ಒಮ್ಮೆ ತಂದವನನ್ನು ಸೆಷನ್ ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಕೇಳುವುದಿಲ್ಲ. ತಾಲೂಕಿಗೆಲ್ಲ ಇರುವುದು ತಮ್ಮದೊಂದೇ ತೋಟ ಎಂಬಂತೆ ಮಾಡಿದ ಪರೀಕ್ಷೆ ಅದು.

ನಾನು ಮತ್ತೆ ಲೇಜಿ ಮಾಡಿ, ಆ ಪಟ್ಟಿಯ ಕ್ವೆರಿಗೆ 'ಜಾಯಿನ್ ಫೆಚ್' ಸೇರಿಸಿದೆ. ಲಾಟು, ರೈತ ಎರಡೂ ಒಂದೇ ಕ್ವೆರಿಯಲ್ಲಿ ಬಂದವು. ಸೆಷನ್ ಮುಚ್ಚುವ ಮೊದಲೇ ಬಂದದ್ದರಿಂದ ಎಕ್ಸೆಪ್ಶನ್ನೂ ಇಲ್ಲ. ಮುಂದಿನ ಟೆಂಡರಿಗೆ ಪಟ್ಟಿ ತಟ್ಟನೆ ಬಂತು. ಕೌಂಟರಿನಲ್ಲಿ ಬೇರೆ ಯಾರೋ ಕೂತಿದ್ದರು.

ಸೀನಿಯರ್ ನನ್ನೆದುರಿಗೇ ಸಂಘಕ್ಕೆ ಫೋನ್ ಮಾಡಿ, "ನೆಟ್‌ವರ್ಕ್ ಸರಿ ಆತು," ಎಂದರು. ನಾನು ಅಲ್ಲೇ ವಾದಕ್ಕೆ ನಿಂತೆ.

"ಬಿಡಾ ತಮಾ, ಪಟ್ಟಿ ಬಂತಲಾ. ಇದೆಂತ ನಿನ್ನ ಕಾಲೇಜಿನ ಚರ್ಚಾಸ್ಪರ್ಧೆಯನಾ?"

"ಪಟ್ಟಿ ಬಂತು ಅಣ್ಣಾ. 'ತಪ್ಪು ಆ ಹುಡುಗಿದಲ್ಲ, ನಮ್ಮ ಕೋಡಿಂದು' ಹೇಳಿ ಅದೇ ಫೋನಲ್ಲಿ ಎಂತಕ್ಕೆ ಹೇಳಿದ್ದಿಲ್ಲೆ?"