ಹತ್ತನೇ ತಾರೀಕಿನ ರೀಡಿಂಗ್

ಬಾಟಲಣ್ಣನ ಸಿಟ್ಟು ಎರಡು ದಿನಕ್ಕಿಂತ ಹೆಚ್ಚು ನಿಲ್ಲೋದಿಲ್ಲ ಅಂತ ರಸಾಯನಶಾಸ್ತ್ರ ವಿಭಾಗಕ್ಕೆಲ್ಲ ಗೊತ್ತು. ಈ ಸಲದ್ದಕ್ಕೆ ಮಾತ್ರ ಎಂಟು ತಿಂಗಳಾಗಿತ್ತು, ಇನ್ನೂ ಕೆಂಡದ ಹಾಗೇ ಇತ್ತು. ಆರೋದಾದರೂ ಹೇಗೆ? ಇಪ್ಪತ್ತಾರು ವರ್ಷ ಲ್ಯಾಬಿನಲ್ಲಿ ಬಾಟಲಿ ತೊಳೆದು ತೊಳೆದು ಬೆರಳಿನ ಗೆರೆ ಸವೆದ ಮನುಷ್ಯ, ಒಂದು ಪಿಪೆಟ್ ಒಡೆದವನಲ್ಲ. ಅಂಥವನಿಗೆ ಸ್ಯಾಂಪಲ್ ಅಳೆಯೋ ಸ್ಪೆಕ್ಟ್ರೋ ಯಂತ್ರ ಕೆಡಿಸಿದೆ ಅಂತ ಮೆಮೊ!

ಅದರೊಳಗೆ ಆಸಿಡ್ ಚೆಲ್ಲಿದ್ದು ಎಂಎಸ್ಸಿಯ ಹುಡುಗ, ಎಲ್ಲರೂ 'ಫಸ್ಟ್ ರ್ಯಾಂಕ್' ಅಂತ ಕರೆಯೋನು. ಗೈಡ್ ಮುಂದೆ ಮುಖ ಸಪ್ಪೆ ಮಾಡಿಕೊಂಡು, "ಬಾಟಲಣ್ಣ ಒರೆಸೋಕೆ ಹೋಗಿ ಕೆಡಿಸಿಬಿಟ್ರು ಸಾರ್" ಅಂದ. ಮುಗೀತು. ಬಾಟಲಣ್ಣನಿಗೆ ಬರಬೇಕಿದ್ದ ಬಡ್ತಿ ಅವನಿಗಿಂತ ಹತ್ತು ವರ್ಷ ಚಿಕ್ಕವನ ಪಾಲಾಯಿತು.

ಒಂದು ಬೆಳಿಗ್ಗೆ ನೋಟಿಸ್ ಬೋರ್ಡಿನ ಮುಂದೆ ಇನ್ನೊಬ್ಬ ಎಂಎಸ್ಸಿ ಹುಡುಗಿ ಉಗುರು ಕಚ್ಚುತ್ತಾ ನಿಂತಿದ್ದಳು. "ಫಸ್ಟ್ ರ್ಯಾಂಕನ ಥೀಸಿಸ್ ಡಿಫೆನ್ಸ್ ಮತ್ತು ವೈವಾ ವೋಸಿ ಅಂತ ಹಾಕಿದ್ದಾರೆ ಅಣ್ಣ. ಎರಡು ಪರೀಕ್ಷೇನಾ, ಒಂದೇನಾ? ಮುಂದಿನ ವಾರ ನಂದೂ ಇದೆ."

ಇಬ್ಬರೂ ಆಫೀಸಿನ ಗುಮಾಸ್ತೆ ಮೇಡಂ ಹತ್ತಿರ ಹೋದರು. ಅವರು ಕನ್ನಡಕ ಏರಿಸಿಕೊಂಡರು. "ವೈವಾ ಅಂದ್ರೆ ಮೌಖಿಕ ಪರೀಕ್ಷೆ ಕಣಮ್ಮ. ಪರೀಕ್ಷಕರು ಎದುರಿಗೆ ಕೂರಿಸ್ಕೊಂಡು ಕೆದಕಿ ಕೆದಕಿ ಕೇಳ್ತಾರೆ, ಕೆಲಸ ನಿಜವಾಗ್ಲೂ ನಿಂದೇನಾ ಅಂತ. ಡಿಫೆನ್ಸ್ ಅಂದ್ರೆ ಎಲ್ಲರ ಮುಂದೆ ನಿನ್ನ ಕೆಲಸ ವಿವರಿಸಿ, ಬಂದ ಆಕ್ಷೇಪಕ್ಕೆಲ್ಲ ಉತ್ತರ ಕೊಟ್ಟು ಸಮರ್ಥಿಸ್ಕೊಳ್ಳೋದು. ಎಷ್ಟೋ ಕಡೆ ಎರಡನ್ನೂ ಒಂದೇ ಅರ್ಥದಲ್ಲಿ ಹೇಳ್ತಾರೆ. ನಮ್ಮಲ್ಲಿ ಡಿಫೆನ್ಸ್ ಬಾಗಿಲು ತೆಗೆದು, ಆಮೇಲೆ ವೈವಾ ಬಾಗಿಲು ಹಾಕಿ."

"ಬಾಗಿಲು ತೆಗೆದು ಅಂದ್ರೆ, ನಾನೂ ಬರಬಹುದಾ?" ಬಾಟಲಣ್ಣ ಕೇಳಿದ.

"ಆಸಕ್ತರೆಲ್ಲ ಬರಬಹುದು ಅಂತ ಅಲ್ಲೇ ಬರೆದಿದೆಯಲ್ಲ. ಅಧ್ಯಕ್ಷರು ಒಪ್ಪಿದ್ರೆ ಪ್ರಶ್ನೆನೂ ಕೇಳಬಹುದು."

ಬಾಟಲಣ್ಣ ದಿನ, ಹೊತ್ತು ಅಂಗೈ ಮೇಲೆ ಬರೆದುಕೊಂಡ. ಬೈಂಡಿಂಗ್ ಅಂಗಡಿಯಿಂದ ಫಸ್ಟ್ ರ್ಯಾಂಕನ ಥೀಸಿಸ್ ಹೊತ್ತು ತಂದವನೇ ಅವನು. ದಾರಿಯಲ್ಲಿ ತೆರೆದು ನೋಡಿದ್ದ. ನೀರಿನ ಸ್ಯಾಂಪಲ್‌ಗಳ ರೀಡಿಂಗು, ದಿನಕ್ಕೊಂದು, ಇಡೀ ತಿಂಗಳು ಒಂದೂ ತಪ್ಪದೆ. ಯಂತ್ರ ಮೂರನೇ ತಾರೀಕಿಂದ ಇಪ್ಪತ್ತೈದರವರೆಗೆ ರಿಪೇರಿಗೆ ಹೋಗಿದ್ದ ಅದೇ ತಿಂಗಳು!

ಡಿಫೆನ್ಸ್ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತ. ಮುಂದಿನ ಸಾಲಿನಲ್ಲಿ ಹುಡುಗನ ತಾಯಿ, ಇಂಗ್ಲಿಷ್ ಅರ್ಥವಾಗದಿದ್ದರೂ ಪ್ರತಿ ಸ್ಲೈಡಿಗೂ ತಲೆ ಆಡಿಸುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಎರಡು ಪ್ರಶ್ನೆ ಕೇಳಿದರು. ಹುಡುಗ ನೀರು ಕುಡಿದ ಹಾಗೆ ಉತ್ತರಿಸಿದ. "ಇನ್ಯಾರಾದರೂ?" ಅಂದರು ಅಧ್ಯಕ್ಷರು.

ಬಾಟಲಣ್ಣ ಎದ್ದ. ಯಾರೋ ಕಿಸಕ್ ಅಂದರು. ಅಧ್ಯಕ್ಷರು ಸುಮ್ಮನಿರಿ ಅನ್ನುವಂತೆ ಆ ಕಡೆ ನೋಡಿ, "ಕೇಳಿ" ಅಂದರು.

"ತಮ್ಮಾ, ಹತ್ತನೇ ತಾರೀಕಿನ ರೀಡಿಂಗು ಯಾವ ಯಂತ್ರದಲ್ಲಿ ತೆಗೆದೆ?"

"ನಮ್ಮ ಸ್ಪೆಕ್ಟ್ರೋದಲ್ಲೇ," ಅಂದ ಹುಡುಗ.

"ಹಾಗಾದರೆ ಅವತ್ತು ಅದು ಕೆಟ್ಟಿರಲಿಲ್ಲ. ಮೂರನೇ ತಾರೀಕು ನಾನು ಕೆಡಿಸಿದೆ ಅಂತ ನೀನು ಹೇಳಿದ್ದು ಸುಳ್ಳು ಅಂತಾಯ್ತು. ಬರೆದುಕೊಳ್ಳಿ ಸಾರ್."

ಹುಡುಗ ಸ್ಲೈಡನ್ನು ಹಿಂದಕ್ಕೆ ಸರಿಸಿದ. "ಇಲ್ಲ, ಕೆಟ್ಟಿತ್ತು..."

"ಕೆಟ್ಟಿದ್ದರೆ ರೀಡಿಂಗ್ ಎಲ್ಲಿಂದ ಬಂತು?" ಇದನ್ನು ಕೇಳಿದ್ದು ಬಾಟಲಣ್ಣ ಅಲ್ಲ, ಹೊರಗಿನ ಪರೀಕ್ಷಕರು. ಗೈಡ್ ಏನೋ ಹೇಳಹೋದರು. "ಉತ್ತರ ವಿದ್ಯಾರ್ಥಿನೇ ಕೊಡಬೇಕು," ಅಂತ ಅಧ್ಯಕ್ಷರು ತಡೆದರು. ಹುಡುಗ ಗೈಡ್ ಕಡೆಗೇ ನೋಡಿದ.

ಎಲ್ಲರನ್ನೂ ಹೊರಗೆ ಕಳಿಸಿ, ಹುಡುಗನನ್ನು ಮಾತ್ರ ವೈವಾಕ್ಕೆ ಉಳಿಸಿಕೊಂಡು ಬಾಗಿಲು ಹಾಕಿದರು. ಕಾರಿಡಾರಿನಲ್ಲಿ ಗೈಡ್ ಬಾಟಲಣ್ಣನ ಹತ್ತಿರ ಬಂದು ದನಿ ತಗ್ಗಿಸಿದರು. "ತಾರೀಕು ಸರಿಯಾಗಿ ನೆನಪಿಲ್ಲ ಅಂದುಬಿಡಪ್ಪ. ನಿನ್ನ ಮೆಮೊ ನಾನು ವಾಪಸ್ ತೆಗೆಸ್ತೀನಿ."

"ಚೆನ್ನಾಗಿ ನೆನಪಿದೆ ಸಾರ್. ಮೆಮೊ ಇಟ್ಕೊಳ್ಳಿ," ಅಂದ. ಆ ಮಾತು ಬಾಯಿಗೆ ಬೆಲ್ಲದ ಹಾಗಿತ್ತು.

ಅರ್ಧ ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಥೀಸಿಸ್ ಒಪ್ಪಿಲ್ಲ, ಪ್ರಯೋಗವೆಲ್ಲ ಮತ್ತೆ ಮಾಡಬೇಕು, ಸುಳ್ಳು ರೀಡಿಂಗಿನ ಬಗ್ಗೆ ವಿಚಾರಣೆ ಬೇರೆ. ಇಂಗ್ಲಿಷಿನಲ್ಲಿ ಓದಿ ಅಧ್ಯಕ್ಷರು ಒಳಗೆ ಹೋದರು. ಹುಡುಗ ಗೋಡೆಗೆ ಮುಖ ಮಾಡಿ ನಿಂತ. ಬಾಟಲಣ್ಣ ತನಗೆ ಪಾಪ ಅನಿಸುತ್ತದೇನೋ ಅಂತ ಕಾದು ನೋಡಿದ. ಅನಿಸಲಿಲ್ಲ.

ಅಷ್ಟರಲ್ಲಿ ಆ ತಾಯಿ ನೇರ ಅವನ ಹತ್ತಿರ ಬಂದರು. "ಅಣ್ಣಾ, ನೀವು ಇಲ್ಲಿಯವರಲ್ವಾ? ಇಂಗ್ಲಿಷಲ್ಲಿ ಏನಂದರು? ನಮ್ಮ ಹುಡುಗ ಪಾಸಾದನಾ?"

ಹುಡುಗ ತಿರುಗಿ ನೋಡಿದ. ಪಾಸಾದ ಅಂತ ಹೇಳಿಬಿಡಿ, ಇವತ್ತೊಂದು ದಿನ ಅಂತ ಕಣ್ಣಲ್ಲೇ ಕೈಮುಗಿಯುತ್ತಿದ್ದ.

"ನಿಮ್ಮ ಮಗನ್ನೇ ಕೇಳಿ ಅಮ್ಮ," ಅಂದ ಬಾಟಲಣ್ಣ. "ಇಲ್ಲೇ, ಎಲ್ಲರ ಮುಂದೆ ಕೇಳಿ." ಅಂದವನು ಹೋಗಲಿಲ್ಲ. ಉತ್ತರ ಕೇಳಿಸಿಕೊಂಡೇ ಹೋಗೋಣ ಅಂತ ಕೈಕಟ್ಟಿ ನಿಂತ.