ಗುಂಡುಸೂಜಿಯವರ ಸ್ಪ್ಯಾನಿಷ್

ಬೀದಿಯವರು ಆ ಟೈಲರಿಗೆ ಇಟ್ಟ ಹೆಸರು ಗುಂಡುಸೂಜಿ. ಬಟ್ಟೆ ತೊಡಿಸಿ ನೋಡುವಾಗ ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿ ಕಚ್ಚಿಕೊಳ್ಳುವುದು ಅವರ ಅಭ್ಯಾಸ. ಅಂಗಡಿ ಮುಚ್ಚಿದ ಮೇಲೂ ಬಾಯಿ ತೆರೆಯುತ್ತಿರಲಿಲ್ಲ. ಗಿರಾಕಿಗಳೊಡನೆ ಜಗಳವಿರಲಿ, ಹೋಟೆಲಿನಲ್ಲಿ ಅವರ ಕಾಫಿಯಿರಲಿ, ಹೇಳುವವರು ಹೆಂಡತಿಯೇ.

ಇಂಥವರು ಒಮ್ಮೆ ಹೆಂಡತಿಯ ಹಟಕ್ಕೆ ಕಟ್ಟುಬಿದ್ದು ಸ್ಪ್ಯಾನಿಷ್ ಆಡುವ ದೇಶಕ್ಕೆ ಪ್ರವಾಸ ಹೊರಟರು. ಇಬ್ಬರೂ ಮಾಂಸ ಮುಟ್ಟದವರು. ಪ್ರವಾಸದ ಆಫೀಸಿನ ಹುಡುಗಿ ಫೋನಿನಲ್ಲಿ ಹೇಳಿಕೊಟ್ಟ, ಊಟ ಕೇಳುವ ಸ್ಪ್ಯಾನಿಷ್ ಮಾತುಗಳನ್ನು ಟೈಲರು ಕೈಗೆ ಸಿಕ್ಕ ಕಾಲರ್ ಮಾದರಿಯ ದಪ್ಪ ಕಾಗದದ ಮೇಲೆ, ಕೇಳಿದಂತೆಯೇ ಕನ್ನಡದಲ್ಲಿ ಬರೆದುಕೊಂಡರು. ಬಾಯಿ ತೆರೆಯದೆ ತೋರಿಸಿದರಾಯಿತು ಎಂಬ ಧೈರ್ಯ ಅವರದು.

ಅಲ್ಲೊಂದು ದಿನ ಗುಂಪಿನವರೆಲ್ಲ ಬೆಟ್ಟ ನೋಡಲು ಹೋದರು. ಹೆಂಡತಿಯ ಮಂಡಿನೋವಿನಿಂದ ಇವರಿಬ್ಬರೇ ಉಳಿದರು. ಆಕೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಯಾಗಿತ್ತು, ಇನ್ನು ಊಟ ತಡವಾಗುವಂತಿರಲಿಲ್ಲ. ಬೀದಿ ಕೊನೆಯ ಊಟದಂಗಡಿ ತಲುಪುವಷ್ಟರಲ್ಲಿ ಆಕೆಯ ಬೆರಳು ನಡುಗತೊಡಗಿದವು. ಆಕೆಯ ಕನ್ನಡಕ ರೂಮಿನಲ್ಲೇ ಉಳಿದಿತ್ತು.

ಟೈಲರು ಠೀವಿಯಿಂದ ಕಾಲರ್ ಕಾಗದವನ್ನು ಬಡಿಸುವವಳ ಮುಂದೆ ಹಿಡಿದರು. ಅವಳು ಅದನ್ನು ನೇರ ಹಿಡಿದಳು, ತಲೆಕೆಳಗೆ ಹಿಡಿದಳು, ನಕ್ಕು ವಾಪಸು ಕೊಟ್ಟಳು. ಕನ್ನಡ ಅಕ್ಷರ ಅವಳಪ್ಪನಿಗೂ ಬರುವಂತಿರಲಿಲ್ಲ.

"ಓದ್ರೀ," ಎಂದರು ಹೆಂಡತಿ, ಮೆಲ್ಲಗೆ. "ತಲೆ ಸುತ್ತುತ್ತಾ ಇದೆ."

ಟೈಲರು ಅಭ್ಯಾಸಬಲದಿಂದ ತುಟಿ ಸವರಿಕೊಂಡರು. ಸೂಜಿ ಇರಲಿಲ್ಲ.

"ಸೋಮೊಸ್ ಬೆಹೆತರ್ಯಾನೊಸ್," ಎಂದರು. ನಾವು ಸಸ್ಯಾಹಾರಿಗಳು. ಧ್ವನಿ ಅವರಿಗೇ ಹೊಸದು. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಹಮೋನ್." ಮಾಂಸ, ಕೋಳಿ, ಮೀನು, ಹಂದಿಯ ಹಮೋನ್, ಯಾವುದೂ ಬೇಡ. ಬರೀ ಕಾರ್ನೆ ಬೇಡವೆಂದರೆ ಮೀನೋ ಹಮೋನೋ ಬರಬಹುದು ಎಂದು ಆಫೀಸಿನ ಹುಡುಗಿ ಎಚ್ಚರಿಸಿದ್ದಳು. "ಅರ್ರೋಸ್ ಕೊನ್ ಬೆರ್ದೂರಾಸ್, ಪೋರ್ ಫಾಬೋರ್." ತರಕಾರಿ ಹಾಕಿದ ಅನ್ನ, ದಯವಿಟ್ಟು.

ಅವಳು ತಲೆಯಾಡಿಸಿ ಹೊರಟಳು. ಇನ್ನೊಂದು ಸಾಲು ಉಳಿದಿತ್ತು. ಜೀವನದಲ್ಲಿ ಮೊದಲ ಸಲ ಗುಂಡುಸೂಜಿ ಒಬ್ಬರನ್ನು ಕೂಗಿ ಕರೆದರು. "ಯೇಬಾ ಕಾಲ್ದೊ ದೆ ಪೊಯೊ?" ಅದರಲ್ಲಿ ಕೋಳಿಯ ಸಾರು ಇದೆಯೇ? ಅವಳು ನಿಂತು, "ಸೀ," ಎಂದಳು. ಅನ್ನ ಬೆಂದದ್ದೇ ಅದರಲ್ಲೆಂದು ಕೈಸನ್ನೆಯಲ್ಲಿ ತೋರಿಸಿದಳು. ಟೈಲರು ಕೈಯಾಡಿಸಿ ಅನ್ನ ಬೇಡವೆಂದರು. ಅವಳು ಒಳಗೆ ಹೋಗಿ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಟೊಮೇಟೊ ತಂದಿಟ್ಟಳು. ಹೆಂಡತಿಯ ಬೆರಳು ನಿಲ್ಲುವವರೆಗೂ ಟೈಲರು ತಾವು ಒಂದು ತುತ್ತೂ ಮುಟ್ಟಲಿಲ್ಲ.

ಈಗ ಪೆನ್ಸಿಲಿನ ಅಕ್ಷರ ಮಾಸಿವೆ. ಕಾಲರ್ ಕಾಗದ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿದೆ. ಸಂಜೆ ಅಂಗಡಿ ಮುಚ್ಚಿ, ಸೂಜಿ ಕಚ್ಚಿಕೊಂಡೇ ಬಂದವರಿಗೆ ಹೆಂಡತಿ ಕಾಫಿ ಲೋಟ ಕೊಡದೆ ಹಿಡಿದು ನಿಲ್ಲುತ್ತಾರೆ. "ಅವತ್ತಿನ ಹಾಗೆ ಕೇಳಿ, ಕೊಡ್ತೀನಿ."

ಟೈಲರು ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಗೆ ಚುಚ್ಚಿಕೊಳ್ಳುತ್ತಾರೆ.

"ಪೋರ್ ಫಾಬೋರ್," ಎನ್ನುತ್ತಾರೆ.