ಒಳಜೇಬಿನ ಕಾರ್ಡು

ಬೀದಿಯವರಿಗೆಲ್ಲ ಆಕೆ ಟೈಲರಮ್ಮ. ಗಂಡ ತೀರಿಕೊಂಡಾಗ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಹೊಟ್ಟೆಬಟ್ಟೆ ಕಟ್ಟಿ ದುಡಿದು ಅವನನ್ನು ಓದಿಸಿದಳು. ಬಾಡಿಗೆಗೆ ಹಿಡಿದಿದ್ದ ಹೊಲಿಗೆಯ ಕೋಣೆಯನ್ನೇ ಕೊನೆಗೊಂದು ದಿನ ತನ್ನ ಹೆಸರಿಗೆ ಮಾಡಿಕೊಂಡಳು. ಗಿರಾಕಿಗಳ ಮುಂದೆ ಗಟ್ಟಿ ಬಾಯಿ. ರವಿಕೆ ಸಡಿಲವಾಯಿತೆಂದು ಯಾರಾದರೂ ತಕರಾರು ತೆಗೆದರೆ, "ನೀನೇ ಇಳಿದುಹೋಗಿದ್ದೀಯ ಕಣೇ, ಸರಿಯಾಗಿ ಊಟ ಮಾಡು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಮಗನೆದುರು ಮಾತ್ರ ಆ ಬಾಯಿಗೆ ಬೀಗ ಬೀಳುತ್ತಿತ್ತು.

ಆ ಮಗ ಈಗ ಸ್ನೇಹಿತನೊಬ್ಬನ ಜೊತೆ ಸೇರಿ ಬಾಡಿಗೆ ಕಾರುಗಳ ವ್ಯಾಪಾರ ಮಾಡುತ್ತೇನೆಂದು ಹೊರಟಿದ್ದ. ಸಾಲಕ್ಕೆ ಹೊಲಿಗೆ ಕೋಣೆಯನ್ನು ಅಡವಿಡಬೇಕು, ಅಮ್ಮ ಬಂದು ಸಹಿ ಹಾಕಬೇಕು, ಸಹಿಗೆ ಅವಳ ಗುರುತಿನ ಚೀಟಿ ಬೇಕು. ಟೈಲರಮ್ಮನಿಗೆ ಆ ಸ್ನೇಹಿತನನ್ನು ಕಂಡರೇ ಆಗದು. ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಕಾರ್ಡು ಎಲ್ಲೋ ಕಳೆದುಹೋಯ್ತು ಕಣಪ್ಪ" ಎಂದುಬಿಟ್ಟಳು. ಮಗ ಮನೆಯನ್ನೆಲ್ಲ ತಲೆಕೆಳಗು ಮಾಡಿ ಹುಡುಕಿದ. ಕಾರ್ಡು ಆಕೆಯ ರವಿಕೆಯ ಒಳಗೆ, ಆಕೆಯೇ ಹೊಲಿದುಕೊಂಡಿದ್ದ ಪುಟ್ಟ ಜೇಬಿನಲ್ಲಿತ್ತು.

ಇದರ ನಡುವೆಯೇ ಮೊಮ್ಮಗಳ ಕಿವಿ ತೋರಿಸಲು ದೊಡ್ಡ ಊರಿಗೆ ಹೊರಡುವ ದಿನ ಬಂತು. ನಾಲ್ಕು ವರ್ಷ ತುಂಬಿದ ಪುಟ್ಟಿಗೆ ಈಚೆಗೆ ಕರೆದರೆ ಕೇಳುತ್ತಿರಲಿಲ್ಲ. ಕಾಡಿ ಬೇಡಿ ಸಿಕ್ಕ ದೊಡ್ಡ ಡಾಕ್ಟರು, ಅವರು ನೋಡುವುದು ಮಧ್ಯಾಹ್ನದೊಳಗೆ ಮಾತ್ರ. ಮಗ ಮೊಬೈಲಿನಲ್ಲೇ ಮೂವರಿಗೂ ಒಂದೇ ಟಿಕೆಟ್ ಮಾಡಿಸಿ ಹೆಂಡತಿಯ ಫೋನಿಗೂ ಕಳಿಸಿದ. ಪುಟ್ಟಿಗೆ ಟಿಕೆಟ್ ಬೇಕಿರಲಿಲ್ಲ. ಅವನ ಮತ್ತು ಹೆಂಡತಿಯ ಕಾರ್ಡು, ಪರ್ಸು ಅವನ ಸೊಂಟದ ಚೀಲದಲ್ಲಿ.

ಮೂರನೆಯ ನಿಲ್ದಾಣದಲ್ಲಿ ಪುಟ್ಟಿ ಬಿಸಿ ಹಾಲಿಗೆ ಹಟ ಹಿಡಿದಳು. ಮಗ ಇಳಿದ. ಅಂಗಡಿಯ ಮುಂದೆ ಜನ ಮುತ್ತಿದ್ದರು. ಅವನು ಕೈಚಾಚಿ ನಿಂತಿದ್ದಂತೆಯೇ ರೈಲು ಹೊರಟಿತು. ಕಿಟಕಿಯಿಂದ ಸೊಸೆ ಕೂಗಿದಳು. ಅವನು ಲೋಟ ಹಿಡಿದು ಓಡಿದ್ದು ಕಂಡಿತು, ಆಮೇಲೆ ಕಂಬಗಳ ಹಿಂದೆ ಮರೆಯಾದ. ಹತ್ತಿದನೋ ಇಲ್ಲವೋ ದೇವರೇ ಬಲ್ಲ. ಫೋನು ಮಾಡಿದರೆ ಹೋಗುತ್ತಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಟಿಸಿ ಬಂದರು. ನರೆತ ಮೀಸೆ, ಕೈಯಲ್ಲಿ ಪುಟ್ಟ ಯಂತ್ರ.

"ಟಿಕೆಟ್ ತೋರ್ಸಿ."

ಸೊಸೆ ಫೋನಿನ ಸಂದೇಶ ಮುಂದೆ ಹಿಡಿದಳು. ಅವರು ಟಿಕೆಟ್ಟಿನ ಸಂಖ್ಯೆ, ತಾರೀಖು, ಬೋಗಿ, ಸೀಟು, ಒಬ್ಬೊಬ್ಬರ ಹೆಸರು ವಯಸ್ಸು, ಎಲ್ಲವನ್ನೂ ತಮ್ಮ ಯಂತ್ರದ ಪಟ್ಟಿಗೆ ತಾಳೆ ನೋಡಿದರು.

"ಸರಿ ಇದೆ. ಇದರಲ್ಲಿರೋ ಯಾರಾದ್ರೂ ಒಬ್ಬರ ಗುರುತಿನ ಚೀಟಿ ಕೊಡಿ. ಅಸಲು."

"ಎಲ್ಲಾ ನಮ್ಮವರ ಹತ್ರ ಇದೆ ಸಾರ್. ಹಾಲು ತರೋಕೆ ಇಳಿದ್ರು, ಅಷ್ಟರಲ್ಲಿ ರೈಲು ಬಿಟ್ಟುಬಿಡ್ತು." ಸೊಸೆ ಫೋನಿನಲ್ಲಿ ಹುಡುಕಿದಳು. "ನನ್ನ ಕಾರ್ಡಿನ ಫೋಟೋ ಇದೆ, ನೋಡಿ."

"ಫೋಟೋ ನಡೆಯಲ್ಲಮ್ಮ, ಜೆರಾಕ್ಸೂ ನಡೆಯಲ್ಲ. ಸರ್ಕಾರದ ಆ್ಯಪ್‌ನಲ್ಲಿ ಕಾರ್ಡು ಇದ್ರೆ ತೆಗೀರಿ, ಅದು ಅಸಲಿಗೆ ಸಮ."

ಸೊಸೆ ತೆಗೆಯಲು ನೋಡಿದಳು. ಅದು ಮೊಬೈಲಿಗೆ ಬರುವ ಅಂಕಿಗಳನ್ನು ಕೇಳಿತು. ಅವಳ ಕಾರ್ಡಿಗೆ ಕೊಟ್ಟಿದ್ದ ನಂಬರು ಗಂಡನದು. ಆ ಅಂಕಿಗಳು ಹೋಗಿ ಸೇರಿದ್ದು ಹಾಲಿನ ಲೋಟ ಹಿಡಿದವನ ಜೇಬಿಗೆ.

"ಟಿಕೆಟ್ ಇದೆಯಲ್ಲ ಸಾರ್, ದುಡ್ಡು ಕೊಟ್ಟೇ ತಗೊಂಡಿದ್ದು!"

"ಇಲ್ಲ ಅಂದ್ನಾ? ಈ ಸಂದೇಶ ಯಾರ ಫೋನಿಗೆ ಬೇಕಾದ್ರೂ ಕಳಿಸ್ಬಹುದು. ಟಿಕೆಟ್ಟಿನಲ್ಲಿರೋರು ನೀವೇ ಅಂತ ಹೇಳೋಕೆ ಕಾರ್ಡು ಬೇಕು. ಅದಿಲ್ಲದಿದ್ರೆ ಟಿಕೆಟ್ ಇಲ್ಲದವರ ಲೆಕ್ಕ. ಪೂರ್ತಿ ದರ, ಮೇಲೆ ದಂಡ ಕಟ್ಟಿ ರಸೀದಿ ತಗೊಳ್ಳಿ. ಆಗಲ್ಲ ಅಂದ್ರೆ ಮುಂದಿನ ನಿಲ್ದಾಣದಲ್ಲಿ ಇಳೀಬೇಕಾಗುತ್ತೆ."

ಎದುರು ಕೂತಿದ್ದ ಬೊಜ್ಜಿನ ಮನುಷ್ಯ, "ಎಲ್ಲಾರೂ ಇದೇ ಕಥೆ ಕಟ್ತಾರೆ" ಎಂದು ಕಿಟಕಿಯತ್ತ ತಿರುಗಿ ಗೊಣಗಿದ. ಸೊಸೆಯ ಮುಖ ಕೆಂಪಗಾಯಿತು. ಪರ್ಸು ಕೂಡ ಗಂಡನ ಬಳಿಯೇ. ಪುಟ್ಟಿಗೆ ಏನೂ ಕೇಳಿಸದಿದ್ದರೂ ಅಮ್ಮನ ಮುಖ ನೋಡಿ ಅಳತೊಡಗಿದಳು.

ಟೈಲರಮ್ಮನ ಕೈ ತಾನಾಗಿಯೇ ರವಿಕೆಯ ಮೇಲೆ ಹೋಗಿ, ಅಲ್ಲಿಯೇ ನಿಂತಿತು. ಈಗ ತೆಗೆದರೆ ಸೊಸೆಗೆ ಗೊತ್ತಾಗುತ್ತದೆ, ಸೊಸೆಯಿಂದ ಮಗನಿಗೆ. ಮನೆ ತಲೆಕೆಳಗು ಮಾಡಿ ಹುಡುಕುತ್ತಿದ್ದಾಗ, ಸುಮ್ಮನೆ ನೋಡುತ್ತ ಕೂತಿದ್ದ ತಾಯಿ! ಅವನು ಯಾವ ಮುಖದಿಂದ ಅಮ್ಮ ಎಂದು ಕರೆದಾನು? ತೆಗೆಯದಿದ್ದರೆ, ಗುರುತಿಲ್ಲದ ನಿಲ್ದಾಣದಲ್ಲಿ ಇಳಿಯಬೇಕು, ಡಾಕ್ಟರು ಎದ್ದುಹೋಗುತ್ತಾರೆ. ಅವನು ಹಿಂದಿನ ಬೋಗಿ ಹಿಡಿದಿದ್ದರೆ, ತಾವು ಇಳಿದದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಹಿಡಿಯುವಾಗ ಕಾಲು ಜಾರಿದ್ದರೆ?

ರೈಲು ನಿಧಾನವಾಗತೊಡಗಿತು.

"ಸಾಮಾನು ತೆಗೆದಿಟ್ಕೊಳ್ಳಿ" ಎಂದರು ಟಿಸಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಸೊಸೆ ಕಣ್ಣೊರೆಸಿಕೊಂಡು ಎದ್ದು ಮೇಲಿನ ಬ್ಯಾಗಿಗೆ ಕೈ ಹಾಕಿದಳು.

"ಕೂತ್ಕೊಳ್ಳೇ" ಎಂದಳು ಟೈಲರಮ್ಮ. ತಿರುಗಿ ನಿಂತು, ಸೆರಗಿನ ಮರೆಯಲ್ಲಿ ಒಳಜೇಬಿನಿಂದ ಕಾರ್ಡು ಎಳೆದು ಟಿಸಿಯ ಕೈಗಿಟ್ಟಳು. ಮೈಬಿಸಿಗೆ ಅದು ಬೆಚ್ಚಗಿತ್ತು.

ಟಿಸಿ ಕಾರ್ಡಿನ ಚಿತ್ರ ನೋಡಿ, ಆಕೆಯ ಮುಖ ನೋಡಿ, ಯಂತ್ರದ ಹೆಸರು ವಯಸ್ಸು ನೋಡಿದರು. ಒಂದು ಕ್ಷಣ ಹುಬ್ಬು ಗಂಟಿಕ್ಕಿದವು.

"ಟಿಕೆಟ್ಟಲ್ಲಿ ಇನಿಷಿಯಲ್ ಬಿಟ್ಟಿದ್ದಾರೆ. ಪರವಾಗಿಲ್ಲ, ಹೆಸರು, ವಯಸ್ಸು, ಮುಖ ಎಲ್ಲಾ ಹೊಂದುತ್ತೆ. ಒಬ್ಬರದ್ದು ಸಾಕು, ನೀವಿಬ್ಬರೂ ಕೂತ್ಕೊಳ್ಳಿ." ಕಾರ್ಡು ಹಿಂದಿರುಗಿಸಿದರು. "ಮೊದಲೇ ಕೊಡಬಾರದಿತ್ತೇನಮ್ಮಾ?"

ಸೊಸೆ ಕಾರ್ಡನ್ನೂ ಅತ್ತೆಯನ್ನೂ ನೋಡಿದಳು. "ಅತ್ತೇ, ಇದು..." ಎಂದವಳಿಗೆ ಏನೋ ಹೊಳೆಯಿತು. ಆಮೇಲೆ ಮೆಲ್ಲಗೆ, "ನಾನು ಹೇಳಲ್ಲ ಬಿಡಿ. ನನಗೂ ಇವರ ಆ ಸ್ನೇಹಿತನ್ನ ಕಂಡ್ರೆ ಆಗಲ್ಲ" ಎಂದಳು.

ರೈಲು ನಿಂತಿತು. ಇಬ್ಬರೂ ಕಿಟಕಿಗೆ ಮುಖವೊತ್ತಿ ಕೂತರು. ಇಳಿಯುವವರ ಗುಂಪು ಸರಿದು ಪ್ಲಾಟ್‌ಫಾರ್ಮ್ ಬರಿದಾಯಿತು. ಆಗ ಕೊನೆಯ ಬೋಗಿಯ ಕಡೆಯಿಂದ ಓಡಿ ಬಂದ ಮಗ, ಅಂಗಿಯೆಲ್ಲ ಹಾಲಿನ ಕಲೆ, ಕೈಯಲ್ಲಿ ಬರೀ ಲೋಟ. ಹಿಂದಿನ ಆ ಬೋಗಿಯಿಂದ ಒಳಗೇ ನಡೆದು ಬರಲು ದಾರಿ ಇರಲಿಲ್ಲವಂತೆ. ಏದುಸಿರು ಬಿಡುತ್ತಲೇ ಸೊಂಟದ ಚೀಲ ಬಿಚ್ಚಿ ಟಿಸಿಯ ಮುಂದೆ ಕಾರ್ಡು ಹಿಡಿದ.

"ನೋಡಿ ಆಯ್ತು ಕಣಪ್ಪ. ನಿಮ್ಮ ತಾಯಿಯವರೇ ತೋರಿಸಿದ್ರು. ನೀವು ಬಂದಿದ್ದೀರಿ ಅಂತ ಹಾಕ್ಕೊಳ್ತೀನಿ, ಇಲ್ಲದಿದ್ರೆ ಈ ಸೀಟು ಬೇರೆಯವರಿಗೆ ಹೋಗ್ತಿತ್ತು" ಎಂದು ಅವರು ಮುಂದೆ ನಡೆದರು.

ಮಗ ತಾಯಿಯ ಕಡೆ ತಿರುಗಿದ. "ಯಾವ ಕಾರ್ಡಮ್ಮ?"

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಟೈಲರಮ್ಮ ಕೈ ಅಡ್ಡ ಮಾಡಿದಳು.

"ಕಳೆದಿರ್ಲಿಲ್ಲಪ್ಪ. ನಾನೇ ಬಚ್ಚಿಟ್ಟಿದ್ದೆ."

"ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?"

"ನಿನ್ನ ಮೇಲಿದೆ. ನಿನ್ನ ಸ್ನೇಹಿತನ ಮೇಲಿಲ್ಲ. ಸಹಿ ಹಾಕಲ್ಲ ಅಂತ ಅವತ್ತೇ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ. ಈಗ ಹೇಳ್ತಿದ್ದೀನಿ ಕೇಳು, ಹಾಕಲ್ಲ."

ಮಾತು ನಡುಗಲಿಲ್ಲ. ಮಗ ಮುಖ ತಿರುಗಿಸಿ ಬಾಗಿಲ ಬಳಿ ಹೋಗಿ ನಿಂತ. ಊರು ಬರುವವರೆಗೂ ಅಲ್ಲಿಂದ ಕದಲಲಿಲ್ಲ. ಇಳಿಯುವಾಗ ಮಾತ್ರ, ಅಭ್ಯಾಸಬಲದಿಂದಲೋ ಏನೋ, ತಾಯಿಯ ತೋಳು ಹಿಡಿದು ಇಳಿಸಿದ.

ಡಾಕ್ಟರು ನೋಡಿದರು, ಶಸ್ತ್ರಚಿಕಿತ್ಸೆಯೂ ಆಯಿತು. ಅಷ್ಟು ದಿನವೂ ಮನೆಯಲ್ಲಿ ಮಾತು ಅಷ್ಟಕ್ಕಷ್ಟೆ. ಸಾಲ ಸಿಗದೆ ಮಗ ಕಾರು ವ್ಯಾಪಾರದ ಯೋಚನೆ ಬಿಟ್ಟು ಬೇರೆ ಕೆಲಸ ಹಿಡಿದ. ಅಮ್ಮನ ಮೇಲಿನ ಮುನಿಸು ಪೂರ್ತಿ ಇಳಿಯಿತೆಂದು ಹೇಳಲಾಗದು. ಒಂದು ಬೆಳಿಗ್ಗೆ ಟೈಲರಮ್ಮ ಹೊಲಿಗೆ ಯಂತ್ರ ತುಳಿಯುತ್ತಿದ್ದಾಗ ಪುಟ್ಟಿ ಎರಡೂ ಕಿವಿ ಮುಚ್ಚಿಕೊಂಡು ಬಂದು, "ಅಜ್ಜೀ, ನಿಲ್ಸು, ಎಷ್ಟು ಸದ್ದು!" ಎಂದು ಕೂಗಿದಳು. ಒಳಗಿನಿಂದ ಮಗ ಗಟ್ಟಿಯಾಗಿ ನಕ್ಕಿದ್ದು ಕೇಳಿಸಿತು.